ಮನೆ ಕಸ, ಮನೆ ಗೊಬ್ಬರ: ಕುಟುಂಬಗಳಿಗೆ ನಾಲ್ಕು ಭಾನುವಾರಗಳ ಪಾಠ

ಇದು ಚಿಕ್ಕಮಗಳೂರಿನ ನಮ್ಮ ಬಡಾವಣೆಯ ಮನೆಗಳಿಗೆ ಮಾಡಿದ ಪಾಠ. ಫೆಬ್ರವರಿಯ ನಾಲ್ಕು ಭಾನುವಾರ, ಬೆಳಗ್ಗೆ 10ರಿಂದ 11.30ರವರೆಗೆ, ಪಾರ್ಕಿನ ಮಂಟಪದಲ್ಲಿ ಸೇರೋಣ. ಮನೆಯಿಂದ ಒಬ್ಬರು ಬಂದರೆ ಸಾಲದು. ಅಡುಗೆ ಮಾಡುವವರು, ಗಾಡಿಗೆ ಕಸ ಕೊಡುವವರು ಇಬ್ಬರೂ ಬನ್ನಿ. ಮನೆಗೆಲಸಕ್ಕೆ ಬರುವವರನ್ನೂ ಕರೆತನ್ನಿ, ಆ ಹೊತ್ತಿನ ಸಂಬಳ ಹಿಡಿಯಬೇಡಿ. ಪಾತ್ರೆ ತೊಳೆಯುವವರಿಗೆ ಗೊತ್ತಿಲ್ಲದ ವಿಂಗಡಣೆ ಎರಡು ದಿನವೂ ನಿಲ್ಲುವುದಿಲ್ಲ.

ಫೆಬ್ರವರಿಯೇ ಯಾಕೆ ಅಂದರೆ, ಇದು ಎಲೆ ಉದುರುವ ಕಾಲ. ನಮ್ಮ ಕಡೆ ಮನೆ ಗೊಬ್ಬರ ಕೆಡುವುದಕ್ಕೆ ಮುಖ್ಯ ಕಾರಣ ನೀರು, ಅದನ್ನು ಹೀರಲು ಒಣ ಎಲೆ ಬೇಕು. ಮಳೆ ಹಿಡಿದ ಮೇಲೆ ಒಣ ಎಲೆ ಬೇಕೆಂದರೆ ಸಿಗುವುದಿಲ್ಲ. ಹಾಗಾಗಿ ಪಾಠ ಶುರುವಾಗುವ ಮೊದಲೇ ಒಂದು ಕೆಲಸ: ರಸ್ತೆ ಬದಿಯ, ಅಂಗಳದ ತರಗೆಲೆಯನ್ನು ಗುಡಿಸಿ ಬೆಂಕಿ ಹಚ್ಚಬೇಡಿ, ಗೋಣಿಚೀಲಕ್ಕೆ ತುಂಬಿ. ಎಷ್ಟು ಚೀಲ ಆದರೂ ಜಾಸ್ತಿ ಆಗುವುದಿಲ್ಲ.

ಮೊದಲ ಭಾನುವಾರ: ಬೇರೆ ಮಾಡುವುದು

ಮೊದಲ ದಿನ ಒಂದು ಮನೆಯ ಹಿಂದಿನ ದಿನದ ಕಸವನ್ನು ಟಾರ್ಪಾಲಿನ ಮೇಲೆ ಸುರಿದು ಎಲ್ಲರೂ ಸೇರಿ ಆರಿಸೋಣ. ಕೈಗವಸು ನಾವೇ ಕೊಡುತ್ತೇವೆ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ, ಆದರೆ ನೋಡಲೇಬೇಕು.

ಹಸಿ ಕಸ, ಒಣ ಕಸ, ಅಪಾಯದ ಕಸ ಎಂದು ಮನೆಯಲ್ಲೇ ಬೇರೆ ಮಾಡಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಪ್ಯಾಡು, ಡೈಪರುಗಳನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿ ಕೊಡಿ. ಸುತ್ತಿದ ಪೊಟ್ಟಣದ ಮೇಲೆ ಕೆಂಪು ಗುರುತು ಹಾಕಿದರೆ ಅದನ್ನು ಯಾರೂ ಬಿಚ್ಚಿ ನೋಡುವ ಗೋಜಿಗೆ ಹೋಗುವುದಿಲ್ಲ.

ಹಸಿ ಕಸ ಎಲ್ಲರಿಗೂ ಗೊತ್ತು: ತರಕಾರಿ ಸಿಪ್ಪೆ, ಉಳಿದ ಅನ್ನ, ಫಿಲ್ಟರಿನ ಕಾಫಿ ಚರಟ, ಬಾಳೆಲೆ, ಬಾಡಿದ ಹೂವು. ಕಷ್ಟ ಇರುವುದು ಅನುಮಾನದ ವಸ್ತುಗಳಲ್ಲಿ. ಕಾಗದದ ಲೋಟ ನೋಡಲು ಕಾಗದ, ಒಳಗೆ ಪ್ಲಾಸ್ಟಿಕ್ಕಿನ ಪದರ. ಅದು ಗೊಬ್ಬರ ಆಗುವುದಿಲ್ಲ. ಅಂಗಡಿಯಲ್ಲಿ ಕೊಡುವ ಬಟ್ಟೆಯಂಥ ಬಣ್ಣದ ಚೀಲವೂ ಬಟ್ಟೆಯಲ್ಲ, ಬಹುಪಾಲು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ದೇವರ ಮನೆಯ ಹಾರದಲ್ಲಿ ಹೂವು ಹಸಿ ಕಸ, ಅದನ್ನು ಕಟ್ಟಿದ ನೈಲಾನ್ ದಾರ ಮತ್ತು ಜರಿ ಒಣ ಕಸ. ಬಾಳೆನಾರಿನಲ್ಲಿ ಕಟ್ಟಿದ್ದರೆ ಪೂರ್ತಿ ಹಾರ ಹಾಗೇ ಹಾಕಬಹುದು. ಅಡಿಕೆ ಹಾಳೆಯ ತಟ್ಟೆ ಕರಗುತ್ತದೆ, ಆದರೆ ನಿಧಾನ, ಚೂರು ಮಾಡಿ ಹಾಕಿ. ತೆಂಗಿನ ಚಿಪ್ಪು ಗೊಬ್ಬರದ ಡಬ್ಬಿಗೆ ಬೇಡ, ಒಲೆಗೆ ಇಟ್ಟುಕೊಳ್ಳಿ.

ಒಲೆ ಎಂದಾಗ ಒಂದು ಮಾತು. ಹಂಡೆ ಒಲೆ ಹೊತ್ತಿಸಲು ಹಾಲಿನ ಕವರ್ ಹಾಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ದಯವಿಟ್ಟು ಬಿಡಿ. ಯಾವ ಪ್ಲಾಸ್ಟಿಕ್ ಸುಟ್ಟರೂ ಹೊಗೆ ಒಳ್ಳೆಯದಲ್ಲ. ಪಿವಿಸಿ ಪೈಪಿನ ಚೂರೋ ವೈರಿನ ತುಂಡೋ ಸೇರಿಕೊಂಡರೆ ಡಯಾಕ್ಸಿನ್ ಎಂಬ ವಿಷವೇ ಹುಟ್ಟುತ್ತದೆ. ಅದೇ ನೀರಿನಲ್ಲಿ ಮಗುವಿಗೆ ಸ್ನಾನ ಮಾಡಿಸುತ್ತೇವೆ, ಹೊಗೆಯನ್ನು ಅಜ್ಜಿ ಕುಡಿಯುತ್ತಾರೆ.

ಹಾಲಿನ ಕವರನ್ನು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಬೇರ್ಪಡಿಸಬೇಡಿ. ಆ ಚಿಕ್ಕ ತುಂಡು ಸಿಂಕಿನಿಂದ ಸೀದಾ ಚರಂಡಿಗೆ ಹೋಗುತ್ತದೆ. ಕವರನ್ನು ಒಮ್ಮೆ ಅಲುಬಿ, ಒಣಗಿಸಿ, ಒಣ ಕಸದ ಚೀಲಕ್ಕೆ ಹಾಕಿ. ಮೊಸರು ಮೆತ್ತಿದ ಒಂದು ಕವರ್ ಇಡೀ ಚೀಲದ ಕಾಗದವನ್ನು ಹಾಳು ಮಾಡುತ್ತದೆ, ಆಮೇಲೆ ಗುಜರಿಯವರೂ ತೆಗೆದುಕೊಳ್ಳುವುದಿಲ್ಲ. ಹಾಗಂತ ಸೋಪು ಹಾಕಿ ಉಜ್ಜುವುದೂ ಬೇಡ, ಅಕ್ಕಿ ತೊಳೆದ ನೀರು ಸಾಕು.

ಬಲ್ಬು, ಟ್ಯೂಬ್‌ಲೈಟು, ಸೆಲ್ಲು, ಅವಧಿ ಮುಗಿದ ಮಾತ್ರೆ, ಬ್ಲೇಡು, ಸೊಳ್ಳೆಬತ್ತಿಯ ಸೀಸೆ ಇವಕ್ಕೆ ಒಂದು ಹಳೆಯ ಬಿಸ್ಕತ್ ಡಬ್ಬ ಇಡಿ. ಅದು ತುಂಬಲು ತಿಂಗಳುಗಳೇ ಬೇಕು. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ "ಗಾಜು" ಎಂದು ಬರೆದು ಗಾಡಿಯವರ ಕೈಗೆ ಕೊಡಿ.

ಸಾಮಾನ್ಯ ತಪ್ಪು ಒಂದೇ: ಹಸಿ ಕಸದ ಬುಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಸುವುದು. ಎಲ್ಲಾ ಬೇರೆ ಮಾಡಿ ಕೊನೆಗೆ ಗಂಟು ಕಟ್ಟಿ ಕೊಟ್ಟರೆ ಏನು ಪ್ರಯೋಜನ? ಬುಟ್ಟಿಗೆ ಎರಡು ಹಾಳೆ ದಿನಪತ್ರಿಕೆ ಹಾಸಿ, ಕಸದ ಜೊತೆ ಅದೂ ಗೊಬ್ಬರವಾಗುತ್ತದೆ.

ಆ ವಾರದ ಮನೆಗೆಲಸ: ಏಳು ದಿನ ಹಸಿ ಕಸವನ್ನು ತೂಗಿ ಬರೆಯಿರಿ. ಮಕ್ಕಳಿಗೆ ಒಪ್ಪಿಸಿದರೆ ಮರೆಯುವುದಿಲ್ಲ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಒಂದು ಕೆಜಿ ಆಸುಪಾಸು ಬರಬಹುದು.

ಎರಡನೇ ಭಾನುವಾರ: ಡಬ್ಬಿ ಹೂಡುವುದು

ದುಬಾರಿ ಕಿಟ್ ಬೇಕಿಲ್ಲ. 50-60 ಲೀಟರಿನ ಹಳೆಯ ಡ್ರಮ್ಮು ಮೂರು ಇದ್ದರೆ ಒಂದು ಮನೆಗೆ ಸಾಕು. ಒಂದು ಸುಮಾರು ತಿಂಗಳಿಗೆ ತುಂಬುತ್ತದೆ. ಮೂರನೆಯದು ತುಂಬುವ ಹೊತ್ತಿಗೆ ಮೊದಲನೆಯದು ಗೊಬ್ಬರ ಆಗಿರುತ್ತದೆ. ಒಂದೇ ಡ್ರಮ್ಮಿನಲ್ಲಿ ಮುಗಿಸುತ್ತೇನೆ ಎನ್ನುವವರು ಮೇಲೆ ಹಸಿ ಹಾಕುತ್ತಾ, ಕೆಳಗೆ ಯಾವಾಗ ಆಯಿತು ಎಂದು ಕಾಯುತ್ತಾ ಕೂರಬೇಕಾಗುತ್ತದೆ.

ತಳದಲ್ಲಿ ಮತ್ತು ಸುತ್ತ ಕಡಲೆಕಾಳಿನ ಗಾತ್ರದ ತೂತು ಹೊಡೆಯಿರಿ, ಸುಮಾರು ಗೇಣಿಗೊಂದು. ಡ್ರಮ್ಮನ್ನು ಎರಡು ಇಟ್ಟಿಗೆ ಮೇಲೆ ಕೂರಿಸಿ, ಕೆಳಗೆ ಒಂದು ತಟ್ಟೆ ಇಡಿ. ಮಳೆ ಎರಚಲು ಬೀಳದ ಜಾಗ ನೋಡಿ. ಬಾಲ್ಕನಿಯ ಅಂಚು ಮಾರ್ಚ್‌ನಲ್ಲಿ ಚೆನ್ನಾಗಿಯೇ ಇರುತ್ತದೆ, ಜುಲೈಯಲ್ಲಿ ನೀರು ನುಗ್ಗುತ್ತದೆ. ಮುಚ್ಚಳದ ಮೇಲೆ ಕಲ್ಲು ಹೇರಿ. ನಮ್ಮೂರಿನ ಕೋತಿಗಳಿಗೆ ಮುಚ್ಚಳ ತೆಗೆಯುವುದು ಕಲಿಸಬೇಕಿಲ್ಲ.

ಮೊದಲು ನಾಲ್ಕು ಬೆರಳು ದಪ್ಪ ಒರಟು ಎಲೆ, ಪುಳ್ಳೆ. ಅದರ ಮೇಲೆ ಒಂದು ಹಿಡಿ ಸಗಣಿ ಇಲ್ಲವೇ ಹಳೆಯ ಗೊಬ್ಬರ. ಹುಳಿ ಮಜ್ಜಿಗೆ ಇದ್ದರೆ ಎಲೆಗೆ ಚಿಮುಕಿಸಿ. ಆಮೇಲೆ ದಿನವೂ ಇಷ್ಟೇ: ಒಂದು ಬಟ್ಟಲು ಹಸಿ ಕಸ ಹಾಕಿದರೆ ಒಂದೂವರೆಯಿಂದ ಎರಡು ಬಟ್ಟಲು ಒಣ ಎಲೆ. ಹಸಿ ಕಸ ಕಣ್ಣಿಗೆ ಕಾಣಬಾರದು, ಹಾಗೆ ಮುಚ್ಚಬೇಕು.

ಇದಕ್ಕೆ ಕಾರಣವಿದೆ. ಕಸ ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25-30 ಪಾಲು ಇಂಗಾಲ ಬೇಕು. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಜೊತೆಗೆ ಎಲೆಗಳ ನಡುವೆ ಗಾಳಿ ಆಡುತ್ತದೆ. ಕಾಫಿ ಚರಟ ಕಂದು ಬಣ್ಣ ಇದೆ ಎಂದು ಒಣ ಲೆಕ್ಕಕ್ಕೆ ಸೇರಿಸಬೇಡಿ, ಅದು ಸಾರಜನಕದ ಕಡೆಯದು.

ನಮಗಿರುವ ಅನುಕೂಲ ನೋಡಿ. ಕ್ಯೂರಿಂಗ್ ಕಡೆಯಿಂದ ಒಣ ಕಾಫಿ ಹೊಟ್ಟು, ತೋಟದ ಸಿಲ್ವರ್ ಓಕ್ ತರಗು, ಸಾಮಿಲ್ಲಿನ ಮರದ ಹೊಟ್ಟು, ಹಾಸನದ ಕಡೆಯ ನೆಂಟರಿದ್ದರೆ ತೆಂಗಿನ ನಾರಿನ ಪುಡಿ, ಎಲ್ಲವೂ ಆಗುತ್ತದೆ. ಸಿಲ್ವರ್ ಓಕ್ ಎಲೆ ಗಡುಸು, ಚೀಲದಲ್ಲಿ ಹಾಕಿ ಕಾಲಲ್ಲಿ ತುಳಿದು ಪುಡಿ ಮಾಡಿ. ಮರದ ಹೊಟ್ಟನ್ನು ಒಂದನ್ನೇ ಬಳಸಬೇಡಿ, ಗಟ್ಟಿಯಾಗಿ ಕೂತು ಗಾಳಿ ಕಟ್ಟುತ್ತದೆ. ಪ್ಲೈವುಡ್ಡಿನ ಹೊಟ್ಟಿನಲ್ಲಿ ಅಂಟು ಇರುತ್ತದೆ, ಅದು ಬೇಡವೇ ಬೇಡ. ಪಲ್ಪ್ ಮಾಡಿದ ಕಾಫಿಯ ಹಸಿ ಸಿಪ್ಪೆ ಒಣ ಸಾಮಗ್ರಿ ಅಲ್ಲ. ನೀಲಗಿರಿ ಎಲೆ ದೂರ ಇಡಿ.

ಮೊದಲ ಡ್ರಮ್ಮಿಗೆ ಮೀನು, ಮಾಂಸ, ಮೂಳೆ, ಎಣ್ಣೆ ಹಾಕಬೇಡಿ. ಉಳಿದ ಅನ್ನ, ಸಾರು ಇದ್ದರೆ ನೀರು ಬಸಿದು, ಸ್ವಲ್ಪವೇ, ಜಾಸ್ತಿ ಎಲೆಯ ಜೊತೆ.

ಮೂರನೇ ಭಾನುವಾರ: ಏನೋ ಕೆಟ್ಟಿದೆ

ಇಷ್ಟರಲ್ಲಿ ಡಬ್ಬಿಗೆ ಒಂದು ವಾರ ಆಗಿರುತ್ತದೆ, ದೂರುಗಳೂ ಬಂದಿರುತ್ತವೆ. ಯಾವ ದೂರಿಗೂ ಮೊದಲು ಒಂದು ಪರೀಕ್ಷೆ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಅಂಗೈ ತೇವವಾಗಿ ಒಂದೆರಡು ಹನಿ ಬಂದರೆ ಸರಿ. ನೀರು ಸುರಿದರೆ ಒದ್ದೆ ಜಾಸ್ತಿ. ಹಿಡಿ ಬಿಟ್ಟೊಡನೆ ಉದುರಿದರೆ ಒಣಗಿದೆ.

*ಕೊಳೆತ ಮೊಟ್ಟೆ ವಾಸನೆ.* ಒದ್ದೆ ಜಾಸ್ತಿಯಾಗಿ ಗಾಳಿ ಇಲ್ಲದಂತಾಗಿದೆ. ಸುಮ್ನೆ ಮೇಲೆ ಎಲೆ ಉದುರಿಸಿದರೆ ವಾಸನೆ ಅಡಗುತ್ತದೆ ಅಷ್ಟೇ, ಕಾರಣ ತಳದಲ್ಲೇ ಉಳಿಯುತ್ತದೆ. ಪೂರ್ತಿ ಟಾರ್ಪಾಲಿಗೆ ಸುರಿಯಿರಿ, ಅರ್ಧ ಗಂಟೆ ಹರಡಿ, ಒಣ ಎಲೆ ಕಲಸಿ ಮತ್ತೆ ತುಂಬಿ. ತಳದ ತೂತು ಕಟ್ಟಿದೆಯಾ ನೋಡಿ. ಬಹಳ ಸಲ ಅನ್ನದ ಗಂಜಿ ಅಲ್ಲಿ ಅಂಟಿ ಕೂತಿರುತ್ತದೆ.

*ಮೂಗಿಗೆ ಚುರ್ರೆನ್ನುವ ಘಾಟು.* ಇದು ಅಮೋನಿಯಾ, ಅಂದರೆ ಸಾರಜನಕ ಜಾಸ್ತಿ. ಒಣ ಎಲೆ ಹೆಚ್ಚಿಸಿ. ಒಲೆ ಬೂದಿ ಸುರಿದಿದ್ದರೆ ಅದೂ ಕಾರಣ ಇರಬಹುದು. ಬೂದಿ ವಾರಕ್ಕೆ ಒಂದು ಚಮಚ ಮೀರದಿರಲಿ, ಅದೂ ಬರೀ ಸೌದೆಯದ್ದು.

*ಹುಳ ಬಿದ್ದಿದೆ!* ಇದು ಎಲ್ಲಕ್ಕಿಂತ ಹೆಚ್ಚು ಬರುವ ಫೋನು. ಗಾಬರಿ ಬೇಡ. ದಪ್ಪಗೆ, ಬೂದು-ಕಂದು ಬಣ್ಣಕ್ಕೆ ಇದ್ದು ಪಟ್ಟಿಪಟ್ಟಿಯಾಗಿ ಕಂಡರೆ ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಚ್ಚುವುದಿಲ್ಲ, ಕಸವನ್ನು ನಮಗಿಂತ ಚೆನ್ನಾಗಿ ಮುಗಿಸುತ್ತವೆ. ನೋಡಲಾಗದಿದ್ದರೆ ಎರಡು ದಿನ ಹಸಿ ಕಸ ನಿಲ್ಲಿಸಿ, ಒಣ ಎಲೆ ದಪ್ಪಗೆ ಹಾಕಿ, ಕಡಿಮೆಯಾಗುತ್ತವೆ. ಸೀಮೆಎಣ್ಣೆ, ಫಿನಾಯಿಲ್, ಬ್ಲೀಚಿಂಗ್ ಪುಡಿ ಹಾಕಿದರೆ ಹುಳದ ಜೊತೆ ಗೊಬ್ಬರ ಮಾಡುವ ಜೀವಿಗಳೂ ಸಾಯುತ್ತವೆ, ಡ್ರಮ್ಮನ್ನು ಮೊದಲಿಂದ ಹೂಡಬೇಕಾಗುತ್ತದೆ.

*ಸಣ್ಣ ನೊಣಗಳ ಹಿಂಡು.* ಹಣ್ಣಿನ ಸಿಪ್ಪೆ ಮೇಲೆಯೇ ಬಿಟ್ಟಿದ್ದೀರಿ. ಒಳಗೆ ತಳ್ಳಿ, ಮೇಲೆ ಒದ್ದೆ ದಿನಪತ್ರಿಕೆ ಮುಚ್ಚಿ.

*ಇರುವೆ.* ಒಣಗಿದೆ. ನೀರು ಚಿಮುಕಿಸಿ ತಿರುವಿ. ಏಪ್ರಿಲ್‌ನಲ್ಲಿ ಇದು ಮಾಮೂಲು.

*ಇಲಿ.* ಬೇಯಿಸಿದ ಅಡುಗೆ ಹಾಕುತ್ತಿದ್ದೀರಿ. ಅದನ್ನು ನಿಲ್ಲಿಸಿ, ತೂತುಗಳಿಗೆ ಒಳಗಿನಿಂದ ಸೊಳ್ಳೆಪರದೆಯ ಕಬ್ಬಿಣದ ಜಾಲರಿ ಕಟ್ಟಿ.

*ಬಿಳಿ ಬೂಸ್ಟು.* ಒಳ್ಳೆಯದು. ಹಾಗೇ ಬಿಡಿ.

*ತಿಂಗಳಾದರೂ ಏನೂ ಕರಗಿಲ್ಲ.* ಚೂರುಗಳು ದೊಡ್ಡವಿರಬಹುದು, ಎಲೆ ಬರೀ ಒಣಗಿರಬಹುದು, ಇಲ್ಲವೇ ತಿರುವಿಯೇ ಇಲ್ಲ. ವಾರಕ್ಕೊಮ್ಮೆ ಕೋಲಿನಿಂದ ತಳದವರೆಗೆ ಎಬ್ಬಿಸಿ. ಹಲಸಿನಹಣ್ಣಿನ ಕಾಲದಲ್ಲಿ ಮಾತ್ರ ಬೇರೆ ಲೆಕ್ಕ. ಹಲಸೂ ಮಳೆಯೂ ಒಟ್ಟಿಗೇ ಬರುತ್ತವೆ. ಒಂದು ಹಣ್ಣಿನ ರಚ್ಚೆ, ಸಿಪ್ಪೆ ಒಂದೇ ದಿನ ಡ್ರಮ್ಮಿಗೆ ಹೋದರೆ ಅದು ತಡೆಯುವುದಿಲ್ಲ. ಹಸು ಇರುವ ಮನೆಗೆ ಕೊಡಿ. ಉಳಿದದ್ದನ್ನು ಕೊಚ್ಚಿ, ನಾಲ್ಕೈದು ದಿನಕ್ಕೆ ಹಂಚಿ ಹಾಕಿ. ಆರಿದ್ರಾ, ಪುನರ್ವಸು ಮಳೆ ಹಿಡಿದಾಗ ಎಲೆಯ ಪ್ರಮಾಣ ಇನ್ನೂ ಒಂದು ಬಟ್ಟಲು ಏರಿಸಿ.

ನಾಲ್ಕನೇ ಭಾನುವಾರ: ಆಯಿತಾ, ಎಲ್ಲಿ ಹಾಕುವುದು

ತುಂಬಿದ ಡ್ರಮ್ಮು ಎರಡರಿಂದ ಮೂರು ತಿಂಗಳು ಕಾಯಬೇಕು. ಮಳೆಗಾಲದ ಚಳಿಯಲ್ಲಿ ಇನ್ನಷ್ಟು ನಿಧಾನ. ಕಪ್ಪು-ಕಂದು ಬಣ್ಣ, ಮೊದಲ ಮಳೆ ಬಿದ್ದ ನೆಲದ ವಾಸನೆ, ಯಾವುದು ಸಿಪ್ಪೆ ಎಂದು ಗುರುತು ಸಿಗಬಾರದು. ಅನುಮಾನವಿದ್ದರೆ ಒಂದು ಕುಂಡದಲ್ಲಿ ಮಣ್ಣಿಗೆ ಗೊಬ್ಬರ ಬೆರೆಸಿ ಮೆಂತ್ಯ ಬಿತ್ತಿ. ಚೆನ್ನಾಗಿ ಮೊಳೆತರೆ ಗೊಬ್ಬರ ಹಣ್ಣಾಗಿದೆ. ಸೊರಗಿದರೆ ಇನ್ನೆರಡು ವಾರ ಬಿಡಿ.

ಕುಂಡಕ್ಕೆ ಮೂರು ಪಾಲು ಮಣ್ಣಿಗೆ ಒಂದು ಪಾಲು ಸಾಕು. ಬರೀ ಗೊಬ್ಬರದಲ್ಲಿ ಗಿಡ ನೆಡುವವರಿದ್ದಾರೆ, ಅದು ಗಿಡಕ್ಕೆ ಒಳ್ಳೆಯದಲ್ಲ. ತಟ್ಟೆಯಲ್ಲಿ ಬಿದ್ದ ರಸವನ್ನು ಹತ್ತು ಪಾಲು ನೀರಿಗೆ ಒಂದು ಪಾಲು ಬೆರೆಸಿ ಹೂಗಿಡದ ಬುಡಕ್ಕೆ ಹಾಕಿ, ಸೊಪ್ಪಿನ ಮೇಲೆ ಸುರಿಯಬೇಡಿ. ಗೊಬ್ಬರದಲ್ಲಿ ಟೊಮೆಟೊ, ಕುಂಬಳ ತಾವಾಗಿ ಹುಟ್ಟುತ್ತವೆ. ಚಿಕ್ಕ ಡ್ರಮ್ಮು ಬೀಜ ಸಾಯುವಷ್ಟು ಬಿಸಿಯಾಗುವುದಿಲ್ಲ. ಇದೇ ಕಾರಣಕ್ಕೆ ರೋಗ ಬಂದ ಗಿಡ, ಬೀಜ ಕಟ್ಟಿದ ಕಳೆ ಒಳಗೆ ಹಾಕಬೇಡಿ.

ಮಾರ್ಚ್‌ನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಅದೇ ಮಂಟಪದಲ್ಲಿ 10 ಗಂಟೆಗೆ ಸಿಗುತ್ತೇವೆ. ಡಬ್ಬಿ ಸರಿಯಿಲ್ಲ ಅನ್ನಿಸಿದವರು ಮೇಲಿನದೊಂದು ಹಿಡಿ, ತಳದ್ದೊಂದು ಹಿಡಿ ಬೇರೆ ಬೇರೆ ಡಬ್ಬದಲ್ಲಿ ತನ್ನಿ. ಎಲೆ ಮಿಕ್ಕ ಮನೆಯವರು ಒಂದು ಚೀಲ ಹೊತ್ತು ತನ್ನಿ, ಇಲ್ಲದವರು ಒಯ್ಯಲಿ.