ಗೋಳಿಬಜೆಯ ರಿವ್ಯೂಗೆ ಉತ್ತರ: ತಿದ್ದಿದ ಪ್ರತಿ

ಅಣ್ಣಾ, ಚಟ್ನಿ ಹಳಸಿದೆ, ಬಜೆ ಹುಳಿ, ಎಣ್ಣೆ ಕಪ್ಪು ಎಂದು ಶನಿವಾರ ಬಂದವರು ಹಾಕಿದ ರಿವ್ಯೂಗೆ ರಾತ್ರಿ ನೀವು ಬರೆದು ಕಳಿಸಿದ ಉತ್ತರವನ್ನು ಹಾಕಬೇಡಿ. ತಿದ್ದಿದ್ದು ಕೆಳಗಿದೆ. ಒಮ್ಮೆ ಓದಿ, ಸರಿ ಕಂಡರೆ ಹಾಗೆಯೇ ಹಾಕಿ.

"ನಮಸ್ಕಾರ. ನಮ್ಮಲ್ಲಿಗೆ ಬಂದು, ತಿಂದು, ಮನಸ್ಸಿಗೆ ಬಂದದ್ದನ್ನು ಬರೆದದ್ದಕ್ಕೆ ಧನ್ಯವಾದ. ನೀವು ಹೇಳಿದ ಮೂರರಲ್ಲಿ ಚಟ್ನಿಯದ್ದು ನಮ್ಮದೇ ತಪ್ಪು, ಮೊದಲು ಅದನ್ನೇ ಹೇಳುತ್ತೇವೆ. ಕಾಯಿ ಚಟ್ನಿಯನ್ನು ಬೆಳಗ್ಗೆ 11ಕ್ಕೊಮ್ಮೆ, ಮಧ್ಯಾಹ್ನ 3.30ಕ್ಕೊಮ್ಮೆ ಅರೆಯುತ್ತೇವೆ. ಶನಿವಾರ ಎರಡನೆಯ ಸಲ ಅರೆಯುವಾಗ 5 ಗಂಟೆ ಕಳೆದಿತ್ತು. ನಿಮಗೆ ಬಡಿಸಿದ್ದು 11ರದ್ದು. ಈ ಸೆಕೆಗೆ ಹಸಿ ಕಾಯಿ ಅಷ್ಟು ಹೊತ್ತು ತಡೆಯುವುದಿಲ್ಲ. ಕ್ಷಮಿಸಿ. ಈಗ 3 ಗಂಟೆಗೆ ಹಳೆಯದನ್ನು ತೆಗೆದ ಮೇಲೆಯೇ ಬಜೆಗೆ ಎಣ್ಣೆ ಇಡುತ್ತೇವೆ.

ಬಜೆ ಹುಳಿ ಇತ್ತು, ಹಿಟ್ಟು ಹಿಂದಿನ ದಿನದ್ದು ಎಂದಿದ್ದೀರಿ. ಹುಳಿ ಇದ್ದದ್ದು ನಿಜ, ಹಿಟ್ಟು ಮಾತ್ರ ಅದೇ ದಿನದ್ದು. ಗೋಳಿಬಜೆಯ ಹಿಟ್ಟನ್ನು ಹುಳಿ ಮೊಸರಿನಲ್ಲಿಯೇ ಕಲಸುವುದು. 2 ಕಿಲೋ ಮೈದಾಕ್ಕೆ ಒಂದೂವರೆ ಲೀಟರಿನಷ್ಟು ಮೊಸರು, ಶುಂಠಿ, ಹಸಿಮೆಣಸು, ಕರಿಬೇವಿನಸೊಪ್ಪು, ಕಾಯಿಚೂರು. ಮಧ್ಯಾಹ್ನ 12ಕ್ಕೆ ಕಲಸಿ ಮೂರು ಗಂಟೆ ಮುಚ್ಚಿಡುತ್ತೇವೆ. ಸೋಡಾವನ್ನು ಕರಿಯುವ ಹೊತ್ತಿಗೆ, ಆ ಪಾತ್ರೆಗೆ ಬೇಕಾದಷ್ಟೇ ಹಾಕುತ್ತೇವೆ. ಹಿಂದಿನ ದಿನದ ಹಿಟ್ಟು ಹುಳಿತು ತೆಳುವಾಗಿದ್ದರೆ ಬಜೆ ಚಪ್ಪಟೆಯಾಗಿ ಎಣ್ಣೆ ಕುಡಿಯುವುದೇ ಹೆಚ್ಚು. ನೀವು ಹಾಕಿದ ಫೋಟೋದಲ್ಲಿ ಬಜೆ ಉರುಟಾಗಿದೆ, ಒಳಗೆ ಜಾಲರಿಯಂತೆ ಅರಳಿದೆ. ಹುಳಿ ಕಡಿಮೆ ಬೇಕೆಂದಿದ್ದರೆ ನಮ್ಮ ಅಂಬಡೆ ತಿಂದು ನೋಡಿ, ಅದಕ್ಕೆ ಮೊಸರಿಲ್ಲ.

ಎಣ್ಣೆ ಕಪ್ಪಗಿದೆ ಎಂದಿರಿ. ಬಾಣಲೆ ಕಬ್ಬಿಣದ್ದು, ಅದರಲ್ಲಿ ಹೊಸ ಎಣ್ಣೆಯೂ ಕಪ್ಪಗೇ ಕಾಣುತ್ತದೆ. ಸ್ಟೀಲ್ ಸೌಟಿನಲ್ಲಿ ತೆಗೆದರೆ ನಿಜ ಬಣ್ಣ ಗೊತ್ತಾಗುತ್ತದೆ. ನಮ್ಮ ಕ್ರಮ ಹೀಗಿದೆ: ಮಧ್ಯಾಹ್ನ 3ಕ್ಕೆ 4 ಲೀಟರ್ ಹೊಸ ತಾಳೆಎಣ್ಣೆ ಹಾಕುತ್ತೇವೆ. ತಳಕ್ಕಿಳಿದ ಹಿಟ್ಟಿನ ಚೂರು ಸುಟ್ಟರೆ ಎಣ್ಣೆ ಬೇಗ ಕೆಡುತ್ತದೆ, ಅದಕ್ಕೆ ಪ್ರತಿ ಒಬ್ಬೆ ಮುಗಿದ ಮೇಲೆ ಜಾರದಿಂದ ಚೂರು ತೆಗೆಯುತ್ತೇವೆ. ಸಂಜೆ 7ಕ್ಕೆ ಒಲೆ ಆರಿಸುತ್ತೇವೆ. ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪವನ್ನು ಮರುದಿನ ಒಗ್ಗರಣೆಗೆ ಬಳಸುತ್ತೇವೆ. ಅದರಲ್ಲಿ ಮತ್ತೆ ಕರಿಯುವುದಿಲ್ಲ. ಮಿಕ್ಕದ್ದು ಹಳೆ ಎಣ್ಣೆ ಕೊಳ್ಳುವವರಿಗೆ ಹೋಗುತ್ತದೆ.

ಬದಿಯಡ್ಕದ ಕಡೆ ಬಂದರೆ 3 ಗಂಟೆಯ ಹೊತ್ತಿಗೆ ಅಡಿಗೆಮನೆಗೇ ಬನ್ನಿ, ಎಣ್ಣೆ ಹಾಕುವುದನ್ನು ಕಣ್ಣಾರೆ ನೋಡಬಹುದು."

ಇನ್ನು ತೆಗೆದದ್ದರ ಬಗ್ಗೆ. "ಪಕ್ಕದ ಹೋಟೆಲಿನವರು ಕಳಿಸಿದ ಜನ" ಎಂಬುದನ್ನು ತೆಗೆದೆ. ಅದಕ್ಕೆ ಆಧಾರ ಇಲ್ಲ, ಅಲ್ಲದೆ ಆ ಹೋಟೆಲಿನವರೂ ಓದುತ್ತಾರೆ. "30 ರೂಪಾಯಿಗೆ ಇನ್ನೇನು ಬೇಕು ನಿಮಗೆ" ಎಂಬ ಸಾಲನ್ನು ಓದಿದವರಿಗೆ, ಕಡಿಮೆ ದುಡ್ಡಿಗೆ ಕೆಟ್ಟದ್ದು ಕೊಡುತ್ತಾರೆ ಎಂದೇ ಅರ್ಥವಾಗುತ್ತದೆ. "ನಮ್ಮ ಹೊಟ್ಟೆಗೆ ಹೊಡೆದವರನ್ನು ದೇವರು ನೋಡಿಕೊಳ್ಳುತ್ತಾನೆ" ಎಂದದ್ದು, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಆ ಒಂದು ಸಾಲಿನ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಹಂಚಿದರೆ ಉಳಿದ ಉತ್ತರವನ್ನು ಯಾರೂ ಓದುವುದಿಲ್ಲ.

ಎಲ್ಲಕ್ಕಿಂತ ಅಪಾಯದ್ದು ಬೈಗುಳವಲ್ಲ, "ದಿನಕ್ಕೆ ಎರಡು ಸಲ ಎಣ್ಣೆ ಬದಲಿಸುತ್ತೇವೆ" ಎಂದು ಬರೆದದ್ದು. ನೀವು ಬದಲಿಸುವುದು ಒಂದೇ ಸಲ, ಅದೂ ನಾಲ್ಕು ತಾಸಿನ ಕೆಲಸಕ್ಕೆ; ಅದನ್ನು ಅಡಗಿಸುವ ಅಗತ್ಯವೇ ಇಲ್ಲ. ಕೆಲಸದ ಹುಡುಗನೊಬ್ಬ ಬಾಯಿಬಿಟ್ಟರೆ ಚಟ್ನಿಯ ಮಾತೂ ಹಿಟ್ಟಿನ ಮಾತೂ ಸೇರಿ ಸುಳ್ಳಾಗುತ್ತವೆ. ಒಗ್ಗರಣೆಯ ವಿಷಯವನ್ನು ಅದಕ್ಕೇ ಬಿಚ್ಚಿ ಬರೆದೆ. ಕರಿದ ಎಣ್ಣೆಯಲ್ಲಿ, ಎಣ್ಣೆ ಕೆಟ್ಟಷ್ಟೂ ಹೆಚ್ಚುವ ಪೋಲಾರ್ ಅಂಶ ಶೇಕಡಾ 25 ಮೀರಬಾರದೆಂಬ ನಿಯಮವನ್ನು ನೀವು ಎತ್ತಿದ್ದಿರಿ. ನಿಯಮ ಇರುವುದು ಹೌದು, ಆದರೆ ಅಳೆಯುವ ಮೀಟರ್ ನಮ್ಮಲ್ಲಿಲ್ಲ. "ಅಳತೆಯ ಒಳಗಿದೆ" ಎಂದು ಯಾವ ಧೈರ್ಯದಲ್ಲಿ ಬರೆಯುವುದು? ಬಿಟ್ಟೆ.

ಅವರು ರಿವ್ಯೂ ಬರೆದದ್ದು ಮಲಯಾಳದಲ್ಲಿ. ಕನ್ನಡದ ಕೆಳಗೆ ಇದನ್ನೇ ಮಲಯಾಳದಲ್ಲಿಯೂ ಹಾಕಬೇಕು. ಅಂಬಡೆಯನ್ನು ಅಲ್ಲಿ ಪರಿಪ್ಪುವಡ ಎಂದು ಬರೆಯಿರಿ, ಇಲ್ಲದಿದ್ದರೆ ಗೊತ್ತಾಗಲಿಕ್ಕಿಲ್ಲ. ಅವರು ಮತ್ತೆ ಏನಾದರೂ ಬರೆದರೆ ಕೂಡಲೇ ಉತ್ತರಿಸಬೇಡಿ, ನನಗೆ ಒಂದು ಫೋನ್ ಮಾಡಿ.