ಕಾನಡಾ ವಿಠ್ಠಲನಿಗೆ ಎರಡು ಕನ್ನಡ

ಜ್ಞಾನೇಶ್ವರರ ‘ಪಾಂಡುರಂಗಕಾಂತಿ’ ಅಭಂಗ ಬೆಳಗಾವಿ ಕಡೆಯ ಭಜನಾ ಮಂಡಳಿಗಳಿಗೆ ಹೊಸದಲ್ಲ. ಆಶಾ ಭೋಸ್ಲೆ ಹಾಡಿದ್ದನ್ನು ಕೇಳಿ ಕಲಿತವರೇ ಜಾಸ್ತಿ. ಆಷಾಢ ಏಕಾದಶಿ ಹತ್ತಿರ ಬಂತೆಂದರೆ ಮರಾಠಿ ಮನೆ, ಕನ್ನಡ ಮನೆ ಎನ್ನದೆ ಎಲ್ಲರೂ ಅದನ್ನು ಗುನುಗುತ್ತಾರೆ. ಈ ಹಾಡಿಗೆ ಎರಡು ಕನ್ನಡ ಅನುವಾದಗಳು ಈಗ ನನ್ನ ಮುಂದಿವೆ. ಒಂದು ಖಾನಾಪುರದ ನಿವೃತ್ತ ಮಾಸ್ತರರದು, ಇನ್ನೊಂದು ಅಥಣಿ ಕಡೆಯ ಭಜನಾ ಮಂಡಳಿಯಲ್ಲಿ ಹಾಡುವ ಅಕ್ಕನವರದು. ಇಬ್ಬರೂ ಹೆಸರು ಹಾಕಬೇಡಿ ಎಂದಿದ್ದಾರೆ. ಹಾಗಾಗಿ ಇಲ್ಲಿ ಮಾಸ್ತರರು, ಅಕ್ಕ ಎಂದೇ ಕರೆಯುತ್ತೇನೆ.

ಮೊದಲು ಹಾಡಿನ ಜೀವಾಳವಾದ ಸಾಲುಗಳು:

ಕಾನಡಾ ಹೋ ವಿಠ್ಠಲು ಕರ್ನಾಟಕು
ಯೇಣೇ ಮಜ ಲಾವಿಯೇಲಾ ವೇಧು
ಖೋಳ ಬುಂಥೀ ಘೇಊನಿ ಖುಣಾಚೀ ಪಾಲವೀ
ಆಳವಿಲ್ಯಾ ನೇದೀ ಸಾದು

ಮಾಸ್ತರರು ಹೀಗೆ ತಂದಿದ್ದಾರೆ:

ಕನ್ನಡಿಗನು ವಿಠ್ಠಲನು ಕರ್ನಾಟಕನು
ಇವನೆನ್ನ ಮನವನು ಸೆಳೆದವನು
ಮುಸುಕನು ಹೊದ್ದು ಸನ್ನೆಯಲಿ ಕರೆವನು
ಮೊರೆಯಿಡೆ ದನಿಗೊಡದವನು

ಅಕ್ಕನದು ಹೀಗಿದೆ:

ತಿಳಿಯದವ ವಿಠ್ಠಲ ಆಟಗಾರ ಇವ
ಗುಂಗ ಹಚ್ಯಾನ ನನಗ
ಕಂಬಳಿ ಕೊಪ್ಪಿ ಹಾಕ್ಕೊಂಡು ಕೈಸನ್ನಿ ಮಾಡತಾನ
ಕೂಗಿದರ ಓ ಅನ್ನವಲ್ಲ

‘ಕಾನಡಾ’ ಎಂದರೆ ಮರಾಠಿಯಲ್ಲಿ ಕನ್ನಡದವನು ಎಂಬ ಅರ್ಥ ಇದೆ. ಸುಲಭಕ್ಕೆ ಅರ್ಥವಾಗದ್ದು, ಗೂಢವಾದದ್ದು ಎಂಬ ಅರ್ಥವೂ ಇದೆ. ಅಕ್ಕಪಕ್ಕದವರ ಮಾತು ತಿಳಿಯದೆ ಹೋದಾಗ ಆ ಮಾತಿನ ಹೆಸರೇ ‘ತಿಳಿಯದ್ದು’ ಎಂದಾಗಿಬಿಡುತ್ತದೆ. ತುಕಾರಾಮರ ಒಂದು ಅಭಂಗದಲ್ಲಿ ಕನ್ನಡದ ಹೆಣ್ಣು ಮರಾಠಿ ಗಂಡನನ್ನು ಕಟ್ಟಿಕೊಂಡಿದ್ದಾಳೆ. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಅವಳು ‘ಇಲ್ ಬಾ’ ಅಂತ ಕರೆದರೆ ಆತ ಓಡಿಯೇ ಹೋಗುತ್ತಾನೆ! ಬೆಳಗಾವಿಯಲ್ಲಿ ಇದನ್ನು ಓದಿ ನಗದವರು ಯಾರು? ‘ಕರ್ನಾಟಕು’ ಎಂಬುದರಲ್ಲೂ ಇಂಥದ್ದೇ ಆಟ ಇದೆ. ಕರ್ನಾಟಕದವನು ಎಂಬುದು ನೇರ ಅರ್ಥ. ನಾಟಕ ಮಾಡುವವನು ಎಂದು ಬಿಡಿಸಿ ಹೇಳುವವರೂ ಇದ್ದಾರೆ.

ಈಗ ಮಾಸ್ತರರ ಮೊದಲ ಸಾಲು ನೋಡಿ. ಸಭೆಯಲ್ಲಿ ಹಾಡಿದರೆ ಚಪ್ಪಾಳೆ ಗ್ಯಾರಂಟಿ. ಮರಾಠಿಯ ದೊಡ್ಡ ಸಂತರೇ ವಿಠ್ಠಲ ನಮ್ಮವನು ಅಂತ ಒಪ್ಪಿಕೊಂಡರಲ್ಲ ಎಂಬ ಖುಷಿ. ಸುಳ್ಳೂ ಅಲ್ಲ. ವಿಠ್ಠಲನ ಕರ್ನಾಟಕದ ನಂಟನ್ನು ಸಂಶೋಧಕ ರಾ.ಚಿಂ. ಢೇರೆ ತಮ್ಮ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ದಲ್ಲಿ ವಿಸ್ತಾರವಾಗಿ ಹುಡುಕಿದ್ದಾರೆ, ಅದೂ ಮರಾಠಿಯಲ್ಲೇ. ಆದರೆ ಹಾಡಿನ ಒಳಗೆ ಏನಾಯಿತು? ಜ್ಞಾನೇಶ್ವರರು ಇದನ್ನು ಹೆಣ್ಣಿನ ದನಿಯಲ್ಲಿ ಹಾಡಿದ್ದಾರೆ. ಆ ಹೆಣ್ಣಿಗೆ ವಿಠ್ಠಲ ಪರಕೀಯ. ಅವನ ಮಾತು ಅವಳಿಗೆ ಬಾರದು. ಆದ್ದರಿಂದಲೇ ಬರೀ ಸನ್ನೆ, ಆದ್ದರಿಂದಲೇ ಕರೆದರೆ ಉತ್ತರ ಇಲ್ಲ. ಕನ್ನಡದಲ್ಲಿ ಹಾಡುವ ಹೆಣ್ಣಿಗೆ ‘ಕನ್ನಡಿಗ ವಿಠ್ಠಲ’ ಎಂದರೆ ಪಕ್ಕದ ಓಣಿಯವನು. ಹಾಗಿದ್ದ ಮೇಲೆ ಸನ್ನೆ ಯಾಕೆ? ಬಾಯಿಬಿಟ್ಟು ಮಾತಾಡಬಹುದಲ್ವಾ? ಪದಕ್ಕೆ ಪದ ಸರಿಯಾಗಿದೆ. ಅವನ ದೂರ ಮಾತ್ರ ಮಾಯವಾಗಿದೆ.

ಅಕ್ಕ ಇದನ್ನು ಗಮನಿಸಿದ್ದಾರೆ. ‘ತಿಳಿಯದವ’, ‘ಆಟಗಾರ’ ಎಂದು ಹಾಕಿ ನಾಲ್ಕೂ ಸಾಲನ್ನು ಒಂದೇ ದಾರದಲ್ಲಿ ಕಟ್ಟಿದ್ದಾರೆ. ತಿಳಿಯದವನು, ಅದಕ್ಕೇ ಸನ್ನೆ, ಅದಕ್ಕೇ ಮೌನ. ಬದಲಿಗೆ ಕರ್ನಾಟಕದ ಹೆಸರೇ ಹಾಡಿನಿಂದ ಹೊರಗೆ ಬಿತ್ತು. ಕನ್ನಡಕ್ಕೆ ಬಂದ ಈ ಅಭಂಗದಲ್ಲಿ ಕನ್ನಡವೇ ಇಲ್ಲ ಅಂದರೆ ನನಗೆ ಸಂಕಟ. ನನ್ನ ಅಭಿಪ್ರಾಯ ಕೇಳಿದರೆ, ‘ಕಾನಡಾ’ ಎಂಬುದನ್ನು ಹಾಗೇ ಬಿಡಬೇಕಿತ್ತು. ನಮ್ಮ ಕಡೆ ಆ ಪದ ಕೇಳದವರು ಕಮ್ಮಿ. ಮರಾಠಿ ಬಾಯಲ್ಲಿ ನಾವು ಹೇಗೆ ಕೇಳಿಸುತ್ತೇವೆ ಎಂಬುದೂ ಅದರಲ್ಲೇ ಇದೆ.

‘ವೇಧು ಲಾವಣೆ’ಗೆ ಅಕ್ಕ ಕೊಟ್ಟ ‘ಗುಂಗ ಹಚ್ಯಾನ’ ನನಗೆ ತುಂಬ ಹಿಡಿಸಿತು. ಮರಾಠಿಯ ‘ಲಾವಣೆ’ ಇರುವ ಕಡೆಯಲ್ಲೆಲ್ಲ ಉತ್ತರ ಕರ್ನಾಟಕದ ‘ಹಚ್ಚು’ ಸಲೀಸಾಗಿ ಕೂರುತ್ತದೆ. ದೀಪ ಹಚ್ಚು, ಕೆಲಸಕ್ಕೆ ಹಚ್ಚು, ಗುಂಗು ಹಚ್ಚು. ‘ಮನವನು ಸೆಳೆದವನು’ ಅಂದರೆ ಸಾವಿರ ಭಾವಗೀತೆಗಳಲ್ಲಿ ಕೇಳಿದ ಮಾತಾಯಿತು.

ಖೋಳ, ಬುಂಥಿ ಅಂದರೆ ತಲೆಯ ಮೇಲಿಂದ ಹೊದ್ದುಕೊಳ್ಳುವ ಹೊದಿಕೆ. ಮಾಸ್ತರರ ‘ಮುಸುಕು’ ತಪ್ಪಲ್ಲ. ಆದರೆ ಮುಸುಕು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಸೆರಗು, ನಾಚಿಕೆ. ಅಕ್ಕನ ಕಂಬಳಿ ಕೊಪ್ಪೆ ಮಳೆಯಲ್ಲಿ ಕುರಿ ಕಾಯುವವನನ್ನು ತಂದು ನಿಲ್ಲಿಸುತ್ತದೆ. ದನಗಾಹಿ ಕೃಷ್ಣನಿಗೂ ಅದು ಒಪ್ಪುತ್ತದೆ. ಆಷಾಢದ ಮಳೆಯಲ್ಲಿ ದಿಂಡಿಯ ಜೊತೆ ಪಂಢರಪುರಕ್ಕೆ ನಡೆಯುವವರಿಗಂತೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ‘ಓ ಅನ್ನವಲ್ಲ’ ಎಂಬ ಸಾಲಿನಲ್ಲಿ ಹಟವೂ ಇದೆ. ಓ ಅನ್ನಲಾರ ಅಂತಲ್ಲ, ಅನ್ನಲು ಒಲ್ಲ.

ಹಾಗಂತ ಎಲ್ಲ ಕಡೆ ಅಕ್ಕನದೇ ಮೇಲುಗೈ ಎಂದಲ್ಲ. ಮೊದಲ ನುಡಿಗೆ ಬನ್ನಿ. ‘ಪಾಂಡುರಂಗಕಾಂತಿ ದಿವ್ಯ ತೇಜ ಝಳಕತಿ, ರತ್ನಕೀಳ ಫಾಂಕತಿ ಪ್ರಭಾ.’ ಒಂದರ ಮೇಲೊಂದು ಬೆಳಕು. ಕಾಂತಿ, ದಿವ್ಯ, ತೇಜ, ರತ್ನ, ಪ್ರಭೆ ಎಲ್ಲ ನಮ್ಮಲ್ಲೂ ಇರುವ ಪದಗಳೇ. ಮಾಸ್ತರರು ಅವನ್ನು ಮುಟ್ಟದೆ ಹಾಗೇ ದಾಟಿಸಿದ್ದಾರೆ:

ಪಾಂಡುರಂಗನ ಕಾಂತಿ ದಿವ್ಯತೇಜದಿ ಹೊಳೆದು
ರತ್ನಕಿರಣದ ಪ್ರಭೆಯ ಚೆಲ್ಲಿ

ಅಕ್ಕ ‘ವಿಠ್ಠಲನ ಮೈಬಣ್ಣ ಮಿಂಚತೈತಿ, ಹರಳಿನಂಗ ಹೊಳಿತೈತಿ’ ಎಂದಿದ್ದಾರೆ. ಗರ್ಭಗುಡಿಯ ಬೆಳಕು ಉಂಗುರದ ಹರಳಿನಷ್ಟೇ ಆಗಿಹೋಯಿತು. ಮೂಲದಲ್ಲಿ ಹಾಡು ದೊಡ್ಡ ದನಿಯಲ್ಲಿ ಶುರುವಾಗಿ, ಎರಡನೇ ನುಡಿಗೆ ಮನೆಮಾತಿಗೆ ಇಳಿಯುತ್ತದೆ. ಆ ಇಳಿತ ಅಕ್ಕನ ಅನುವಾದದಲ್ಲಿ ಸಿಗುವುದಿಲ್ಲ, ಮೊದಲಿಂದಲೂ ಮನೆಮಾತೇ. ಮಾಸ್ತರರದರಲ್ಲಿ ಕೊನೆವರೆಗೂ ದೊಡ್ಡ ದನಿಯೇ.

ಹಾಡುವವರ ಕಡೆಯಿಂದಲೂ ಒಂದು ಮಾತು. ಹಳೆಯ ಮರಾಠಿಯಲ್ಲಿ ಪದಗಳು ಉಕಾರದಲ್ಲಿ ಮುಗಿಯುತ್ತವೆ. ವಿಠ್ಠಲು, ವೇಧು, ಸಾದು, ಸಂವಾದು. ಈಗಿನ ಮರಾಠಿ ಆ ‘ಉ’ವನ್ನು ಬಿಟ್ಟಿದೆ, ನಮ್ಮ ಬರಹದ ಕನ್ನಡ ಬಿಟ್ಟಿಲ್ಲ. ಮಾಸ್ತರರ ‘ವಿಠ್ಠಲನು’, ‘ಸೆಳೆದವನು’ ಚಾಲಿಗೆ ಸರಿಯಾಗಿ ಕೂರುತ್ತವೆ. ‘ವೇಧು’ ಎಂದು ಎಳೆಯುವ ಜಾಗದಲ್ಲಿ ‘ನನಗ’ ಬಂದರೆ ‘ನನಗಾ’ ಎಂದು ಎಳೆಯಬೇಕಾಗುತ್ತದೆ. ಸುಮ್ನೆ ಓದುವಾಗ ಇದು ಗೊತ್ತಾಗುವುದಿಲ್ಲ. ಪೇಟಿ ಮುಂದೆ ಕೂತರೆ ಗೊತ್ತಾಗುತ್ತದೆ.

ಮುಂದಿನ ನುಡಿಯಲ್ಲಿ ‘ಶಬ್ದೇವಿಣ ಸಂವಾದು, ದುಜೇವೀಣ ಅನುವಾದು’ ಎಂದು ಬರುತ್ತದೆ. ಮಾಸ್ತರರು ‘ಶಬ್ದವಿಲ್ಲದ ಸಂವಾದ, ಎರಡಿಲ್ಲದ ಅನುವಾದ’ ಎಂದು ಬಿಟ್ಟಿದ್ದಾರೆ. ಪ್ರಾಸ ಉಳಿಯಿತು. ಆದರೆ ಇವತ್ತಿನ ಓದುಗನಿಗೆ ಅನುವಾದ ಎಂದರೆ ಭಾಷಾಂತರ ಮಾತ್ರ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಮರಳಿ ಹೇಳುವುದು ಎಂಬ ಹಳೆಯ ಅರ್ಥ ಮರೆತುಹೋಗಿದೆ. ಅಕ್ಕನದು ‘ಮಾತಿಲ್ಲದ ಮಾತುಕತಿ, ಯಾರಿಲ್ಲದ ಮರುಮಾತು’. ಪ್ರಾಸಕ್ಕೆ ಪ್ರಾಸ, ಅರ್ಥಕ್ಕೆ ಅರ್ಥ. ಆದರೆ ಅದರ ಮುಂದೆಯೇ ‘ಪರಾ’, ‘ವೈಖರಿ’ ಬರುತ್ತವೆ. ಪರಾ, ಪಶ್ಯಂತಿ, ಮಧ್ಯಮಾ, ವೈಖರಿ ಎಂದು ಮಾತಿಗೆ ನಾಲ್ಕು ಮಜಲು. ಹುಟ್ಟುವ ಮೊದಲಿನ ಮಾತು ಪರಾ, ಬಾಯಿಗೆ ಬಂದದ್ದು ವೈಖರಿ. ಮಾಸ್ತರರು ಎರಡನ್ನೂ ಉಳಿಸಿಕೊಂಡು ಓದುಗ ತಿಳಿದುಕೊಳ್ಳಲಿ ಎಂದು ಬಿಟ್ಟಿದ್ದಾರೆ. ಅಕ್ಕ ‘ಮಾತಿನ ಬೇರಿಗೇ ಮಾತು ನಿಂತಮ್ಯಾಲ ನಾಲಗಿ ಏನ ಹೇಳೀತು’ ಎಂದು ದಾಟಿದ್ದಾರೆ. ಶಾಸ್ತ್ರ ಹೋಯಿತು, ತಾತ್ಪರ್ಯ ಹೋಗಲಿಲ್ಲ. ಮೂಲದ ‘ಪರೇಹಿ ಪರತೇ’ ಎಂಬ ಜೋಡಿ ನಾದ ಮಾತ್ರ ಇಬ್ಬರ ಕೈಗೂ ಸಿಕ್ಕಿಲ್ಲ.

ಮಾಸ್ತರರು ನಿಜವಾಗಿ ಎಡವಿದ್ದು ಐದನೇ ನುಡಿಯಲ್ಲಿ.

ಕ್ಷೇಮಾಲಾಗೀ ಮನ ಉತಾವೀಳ ಮಾಝೇ
ಮ್ಹಣವೂನಿ ಸ್ಫುರತಾತಿ ಬಾಹೋ
ಕ್ಷೇಮ ದೇಊ ಗೇಲೇ ತಂವ ಮೀಚಿ ಮೀ ಏಕಲೀ
ಆಸಾವಲಾ ಜೀವ ರಾಹೋ

ಹಳೆಯ ಮರಾಠಿಯಲ್ಲಿ ಕ್ಷೇಮ ಕೊಡುವುದು ಅಂದರೆ ಅಪ್ಪಿಕೊಳ್ಳುವುದು. ಮಾಸ್ತರರು ‘ಕ್ಷೇಮಕೆ ಮನವು ಕಾತರಿಸುತಲಿಹುದು, ಅದಕೆಂದೆ ತೋಳು ಅದುರುವುದು’ ಎಂದಿದ್ದಾರೆ. ಕನ್ನಡದಲ್ಲಿ ಕ್ಷೇಮ ಎಂದರೆ ಕಾಗದದ ಮೊದಲ ಸಾಲು, ‘ನಾವೆಲ್ಲ ಕ್ಷೇಮ’. ಕ್ಷೇಮಕ್ಕೆ ತೋಳು ಯಾಕೆ ಅದುರಬೇಕು ಎಂದು ಓದುಗ ತಬ್ಬಿಬ್ಬಾಗುತ್ತಾನೆ. ಪದ ಒಂದೇ ಇದೆ ಎಂದು ನಂಬಿ ಕೆಟ್ಟ ಜಾಗ ಇದು. ಅಕ್ಕನ ಸಾಲುಗಳು:

ಅಪ್ಪಿಕೊಳ್ಳಾಕ ಜೀವ ತಡೀವಲ್ದು
ತೋಳು ತಾವ ಏಳತಾವ
ಅಪ್ಪಾಕ ಹೋದರ ನಾನ ನಾನೊಬ್ಬಾಕಿ
ಆಸಿ ಹಂಗ ಉಳದೈತಿ

‘ಒಬ್ಬಾಕಿ’ಯನ್ನು ನೋಡಿ. ಮರಾಠಿಯಲ್ಲಿ ‘ಹೋದೆ’ ಎಂದು ಹೇಳುವಾಗಲೇ ಹೇಳುವವರು ಗಂಡೋ ಹೆಣ್ಣೋ ಗೊತ್ತಾಗುತ್ತದೆ. ಕನ್ನಡದ ‘ಹೋದೆ’ ಯಾರದ್ದೂ ಆಗಬಹುದು. ಹಾಗಾಗಿ ಈ ಹಾಡನ್ನು ಹೇಳುತ್ತಿರುವುದು ಹೆಣ್ಣು ಎಂದು ತೋರಿಸಲು ಕನ್ನಡದಲ್ಲಿ ಸಿಗುವ ಅವಕಾಶ ಇದೊಂದೇ, ‘ಏಕಲೀ’. ಮಾಸ್ತರರು ಅಲ್ಲಿ ‘ನಾನೇ ನಾನು’ ಎಂದು ನಿಲ್ಲಿಸಿದ್ದಾರೆ. ಅದರಲ್ಲಿ ಅದ್ವೈತ ಚೆನ್ನಾಗಿ ಕೇಳಿಸುತ್ತದೆ. ಗಂಡಸಾದ ಜ್ಞಾನೇಶ್ವರರು ಹೆಣ್ಣಾಗಿ ನಿಂತಿದ್ದು ಮಾತ್ರ ಕಾಣದೆ ಹೋಯಿತು. ‘ಶರಣ ಸತಿ, ಲಿಂಗ ಪತಿ’ ಎಂಬ ಮಾತು ಕೇಳಿ ಬೆಳೆದ ನಾಡಿನಲ್ಲಿ ಅದು ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಅಕ್ಕನದರಲ್ಲಿ ಎರಡೂ ಇವೆ. ತಬ್ಬಲು ಹೋದರೆ ಎದುರಿಗೆ ಯಾರೂ ಇಲ್ಲ, ಇರುವುದು ತಾನೊಬ್ಬಳೇ.

ಕಾಲಿಗೆ ಬೀಳಹೋದರೆ ಪಾದವೇ ಕಾಣದ ನಾಲ್ಕನೇ ನುಡಿಯಲ್ಲಿ ಇಬ್ಬರೂ ಹೆಚ್ಚುಕಮ್ಮಿ ಒಂದೇ. ಬಿಟ್ಟು ಮುಂದೆ ಹೋಗಬಹುದು.

ಕೊನೆಯ ನುಡಿಯ ಅಂಕಿತ ‘ಬಾಪ ರಖುಮಾದೇವಿವರು’. ಅಕ್ಕ ಅದನ್ನು ಹಾಗೇ ಉಳಿಸಿದ್ದಾರೆ, ಮಾಸ್ತರರು ‘ತಂದೆ ರುಕ್ಮಿಣೀವರ’ ಮಾಡಿದ್ದಾರೆ. ಪುರಂದರ ವಿಠಲ, ವಿಜಯ ವಿಠಲ ಎಂದು ಕೇಳಿದ ನಮ್ಮ ಕಿವಿಗೆ ಅಂಕಿತ ಅಂದರೆ ರುಜು. ರುಜುವನ್ನು ಯಾರಾದರೂ ಅನುವಾದ ಮಾಡುತ್ತಾರಾ? ಆಮೇಲೆ ಬರುವ ‘ದೃಷ್ಟೀಚಾ ಡೋಳಾ ಪಾಹೋ ಗೇಲೇ ತಂವ ಭೀತರೀ ಪಾಲಟು ಝಾಲಾ’ ಎಂಬುದಕ್ಕೆ ಮಾಸ್ತರರು ‘ನೋಟದ ಕಣ್ಣನು ನೋಡಹೋದೆನು, ಒಳಗೆ ಪರಿವರ್ತನೆಯಾಯ್ತು’ ಎಂದಿದ್ದಾರೆ. ಭಾಷಣದ ವಾಸನೆ. ಅಕ್ಕನದು ‘ನೋಡೂ ಕಣ್ಣನ್ನ ನೋಡಾಕ ಹೋದ್ನಿ, ಒಳಗ ಅದಲಬದಲಾತು’. ಮೂಲದಲ್ಲಿ ಬರೀ ಬದಲಾಯಿತು ಎಂದಿದೆ. ‘ಅದಲಬದಲು’ ಎಂದಾಗ ನೋಡುವವಳು ಅವನಾದಳು, ಅವನು ಅವಳಾದ ಎಂಬ ಅರ್ಥವೂ ಸೇರಿತು. ಮೂಲಕ್ಕೆ ಇದು ಸೇರಿಕೆ ನಿಜ. ಆದರೂ ಹಿಂದಿನ ನುಡಿಯಿಂದ ತಾನಾಗಿ ಬಂದದ್ದು, ನಾನು ತಕರಾರು ಮಾಡುವುದಿಲ್ಲ.

ಮೈಸೂರು ಕಡೆಯ ಓದುಗರಿಗೆ ಅಕ್ಕನ ‘ಅನ್ನವಲ್ಲ’, ‘ತಡೀವಲ್ದು’ ತೊಡಕಾಗುತ್ತವೆ. ಅಂಥವರ ಕೈಗೆ ಕೊಡುವುದಾದರೆ ಮಾಸ್ತರರದೇ ಸರಿ, ಕ್ಷೇಮದ ಸಾಲೊಂದನ್ನು ತಿದ್ದಿಸಿಕೊಂಡು. ಈ ಸಲ ಏಕಾದಶಿಗೆ ನಮ್ಮ ಮಂಡಳಿಯಲ್ಲಿ ಮೊದಲ ನುಡಿಯನ್ನು ಮಾಸ್ತರರದು, ಉಳಿದದ್ದನ್ನು ಅಕ್ಕನದು ಹಾಡೋಣ ಎಂದುಕೊಂಡಿದ್ದೇವೆ. ಪಲ್ಲವಿಗೆ ‘ಕಾನಡಾ ಹೋ ವಿಠ್ಠಲು’ ಮೂಲದಲ್ಲೇ ಇರುತ್ತದೆ. ಮಾಸ್ತರರು ಒಪ್ಪಿದ್ದಾರೆ. ಅಕ್ಕ ಇನ್ನೂ ಯೋಚನೆ ಮಾಡುತ್ತಿದ್ದಾರೆ.