ಸೋರುವ ಛಾವಣಿ ರಿಪೇರಿ: ಆಗಸ್ಟ್ 12ರ ಗಡುವು

ಕಲಬುರಗಿ, 4 ಆಗಸ್ಟ್ 2025

ಮಾಲೀಕರಿಗೆ ನಮಸ್ಕಾರ.

ಅಡುಗೆಮನೆ ಛಾವಣಿ ಸೋರುವುದರ ಬಗ್ಗೆ ಜುಲೈ 2, 14 ಮತ್ತು 25ರಂದು ವಾಟ್ಸಾಪ್‌ನಲ್ಲಿ ಫೋಟೊ ಸಮೇತ ತಿಳಿಸಿದ್ದೆ. ನೀವು ನೋಡಿದ್ದೀರಿ, ನೀಲಿ ಗುರುತು ಬಂದಿದೆ. ಉತ್ತರ ಮಾತ್ರ ಬಂದಿಲ್ಲ.

ಈಗ ನೀರು ಗೋಡೆ ಹಿಡಿದು ಸ್ವಿಚ್ ಬೋರ್ಡ್‌ವರೆಗೂ ಇಳಿದಿದೆ. ಮೊನ್ನೆ ರಾತ್ರಿ ಮಳೆಗೆ ಮೇನ್ ಆಫ್ ಮಾಡಿ ಕತ್ತಲಲ್ಲೇ ಕೂತಿದ್ದೆವು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ನಿಮಗೂ ಗೊತ್ತಲ್ವಾ? ತೊಗರಿಬೇಳೆ ಡಬ್ಬಿ ನೆನೆದದ್ದು ಬಿಡಿ, ಅದು ಸಣ್ಣ ಮಾತು.

ನಮ್ಮ ಬಾಡಿಗೆ ಕರಾರಿನ 7ನೇ ಷರತ್ತು ಹೀಗಿದೆ: "ಛಾವಣಿ, ಗೋಡೆ ಹಾಗೂ ವೈರಿಂಗ್ ರಿಪೇರಿಯನ್ನು ಬಾಡಿಗೆದಾರರು ತಿಳಿಸಿದ 15 ದಿನಗಳೊಳಗೆ ಮಾಲೀಕರು ಸ್ವಂತ ಖರ್ಚಿನಲ್ಲಿ ಮಾಡಿಸಬೇಕು." ಆ 15 ದಿನ ಜುಲೈ 17ಕ್ಕೇ ಮುಗಿದಿದೆ. ಬಾಡಿಗೆಯನ್ನು ನಾನು ಒಂದು ತಿಂಗಳೂ ತಡ ಮಾಡಿಲ್ಲ.

ಆಗಸ್ಟ್ 12, ಮಂಗಳವಾರ ಸಂಜೆ 6ರೊಳಗೆ ಕೆಲಸ ಮುಗಿಯಬೇಕು. ಇಲ್ಲದಿದ್ದರೆ ನಾನೇ ಮೇಸ್ತ್ರಿ, ಎಲೆಕ್ಟ್ರಿಷಿಯನ್ ಕರೆಸಿ ಮಾಡಿಸುತ್ತೇನೆ. ಖರ್ಚನ್ನು ಸೆಪ್ಟೆಂಬರ್ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೇನೆ, ರಸೀದಿ ಕೊಡುತ್ತೇನೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಇದಕ್ಕೆ ಅವಕಾಶ ಕೊಟ್ಟಿದೆ.

ಜಗಳ ನನಗೂ ಬೇಡ. ಮೇಸ್ತ್ರಿ ಯಾವತ್ತು ಬರುತ್ತಾರೆ ಅಂತ ನಾಳೆಯೊಳಗೆ ತಿಳಿಸಿ, ಬೆಳಿಗ್ಗೆ 10ರವರೆಗೆ ನಾನು ಮನೆಯಲ್ಲೇ ಇರುತ್ತೇನೆ. ಈ ಪತ್ರವನ್ನು ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿದ್ದೇನೆ.

ಇಂತಿ,
ಮೊದಲ ಮಹಡಿಯ ಬಾಡಿಗೆದಾರ